2 ನಿಮಿಷದ ಸ್ಕ್ರಿಪ್ಟ್ 45 ಸೆಕೆಂಡಿಗೆ ಇಳಿಸಬೇಕು. ವಿಷಯ, ಜೋಕು, ಕೊನೆ ಮೂರೂ ಉಳಿಯಬೇಕು

ಜೋಳದ ಹೊಲ (ವಿಜಯಪುರ)

ಎಲ್ಲರಿಗೂ ನಮಸ್ಕಾರ. ಬರುವ ತಿಂಗಳು ನಮ್ಮ ಊರಿನಲ್ಲಿ ಸೀರೆ ಪ್ರದರ್ಶನ ಇದೆ. ಇಳಕಲ್ ನೇಕಾರರ ಒಂದು ಮಳಿಗೆಗೆ ವಿಡಿಯೋ ಮಾಡಿಕೊಡುತ್ತೇನೆ ಅಂತ ಒಪ್ಪಿಕೊಂಡಿದ್ದೇನೆ. ಬಾಗಿಲ ಹತ್ತಿರ ದೊಡ್ಡ ಪರದೆ ಇಡುತ್ತಾರೆ. ಎಲ್ಲ ಮಳಿಗೆಯವರ ವಿಡಿಯೋ ಅದರಲ್ಲಿ ಸಾಲಾಗಿ ಓಡುತ್ತವೆ. ಒಬ್ಬೊಬ್ಬರಿಗೆ 45 ಸೆಕೆಂಡ್. ಅದಕ್ಕಿಂತ ಉದ್ದ ಇದ್ದರೆ ಅವರೇ ಕತ್ತರಿಸುತ್ತಾರಂತೆ.

ನಾನು ಬರೆದ ಸ್ಕ್ರಿಪ್ಟ್ ಸರಿಯಾಗಿ 2 ನಿಮಿಷ ಬರುತ್ತದೆ. ಹೀಗಿದೆ:

ಮನೆಯಲ್ಲಿ ಅತ್ತೆ, ಸೊಸೆ, ಮಗ. ತಂಗಿಯ ಮದುವೆಗೆ ಸೀರೆ ತರುವ ಮಾತು (30 ಸೆಕೆಂಡ್). ಅಂಗಡಿಗೆ ಬರುತ್ತಾರೆ, ನಮಸ್ಕಾರ, ಚಹಾ (15). ಅಂಗಡಿಯವನು ಇಳಕಲ್ ಸೀರೆಯ ಬಗ್ಗೆ ಹೇಳುತ್ತಾನೆ, ಗೋಮಿ ದಡಿ, ಪರಾಸ್‌ಪೇಟ ದಡಿ, ಟೋಪ್ ತೆನಿ ಸೆರಗು ಎಲ್ಲ (25). ಕೈಮಗ್ಗದ ಸೀರೆ ಗುರುತಿಸೋದು ಹೇಗೆ ಅಂತ ಅತ್ತೆ ಸೊಸೆಗೆ ತಿಳಿಸುತ್ತಾಳೆ: ಮೈ ಮತ್ತು ಸೆರಗು ಕೂಡುವ ಜಾಗ ತಿರುವಿ ನೋಡು, ಅಲ್ಲಿ ಕೊಂಡಿ ಇರಬೇಕು (20). ಆಮೇಲೆ ಜೋಕು. ‘ಅಪ್ಪಟ ಕೈಮಗ್ಗದ್ದು’ ಅಂದ ಅಂಗಡಿಯವನಿಗೆ ಅತ್ತೆ ‘ಕೊಂಡಿ ಎಲ್ಲೈತ್ರಿ?’ ಅಂತಾಳೆ. ಅವನು ತಡವರಿಸಿ, ‘ಕರೆಂಟ್ ಹೋಗಿತ್ರಿ, ಅದಕ್ಕ ಕೊಂಡಿ ಹಾಕಾಕ ಆಗಲಿಲ್ಲ’ ಅಂತಾನೆ. ಮಗ: ‘ಬಿಲ್ಲು ಮಾತ್ರ ಪವರ್‌ಲೂಮ್ ಸ್ಪೀಡಿನಾಗ ಬರತೈತಿ’ (15). ಕೊನೆಗೆ ಅತ್ತೆ ತಾನು ಉಟ್ಟ ಹಳೆ ಸೀರೆಯ ಸೆರಗು ತಿರುವಿ ಕೊಂಡಿ ತೋರಿಸುತ್ತಾಳೆ, ಮೇಲೆ ‘ಕೈಮಗ್ಗ ಉಳಿಸಿ, ನೇಕಾರರನ್ನು ಬೆಳೆಸಿ’ ಅಂತ ಧ್ವನಿ (15).

ಎಲ್ಲಿಂದ ಶುರು ಮಾಡಲಿ? ಪ್ರತಿ ಸಾಲಿನಲ್ಲೂ ಎರಡು ಮೂರು ಪದ ತೆಗೆದು ನೋಡಿದೆ, 1 ನಿಮಿಷ 35ಕ್ಕೆ ಬಂತು. ಅದರ ಕೆಳಗೆ ಇಳಿಯುತ್ತಿಲ್ಲ.

ಶಾರ್ಟ್ಸ್ ಶಿಕಾರಿ

ಅಕ್ಕಾ, ಕತ್ತರಿಸೋದೇ ಬೇಡ. 2024ರ ಅಕ್ಟೋಬರ್‌ನಿಂದ ಯೂಟ್ಯೂಬ್ ಶಾರ್ಟ್ಸ್‌ನಲ್ಲಿ 3 ನಿಮಿಷದವರೆಗೂ ಹಾಕಬಹುದು. ನಿಮ್ಮದು ಆರಾಮಾಗಿ ಹಿಡಿಸುತ್ತೆ.

ಜೋಳದ ಹೊಲ

ತಮ್ಮಾ, ಇದು ಪ್ರದರ್ಶನದ ಪರದೆಗೆ. 45 ಸೆಕೆಂಡ್ ಅವರ ನಿಯಮ.

ಕತ್ತರಿ ಮೇಜು

ಎಡಿಟಿಂಗ್ ಕೆಲಸ ಮಾಡುವವನು ನಾನು. ಅರ್ಧ ಕೆಲಸ ಟೈಮ್‌ಲೈನ್ ಮೇಲೆ ಆಗುತ್ತೆ. ಮಾತಿನ ನಡುವಿನ ಖಾಲಿ ಜಾಗ, ಉಸಿರು, ‘ಅದು ಏನಂದ್ರ’ ಎಲ್ಲ ಕತ್ತರಿಸಿ. ಆಮೇಲೆ ವೇಗ 1.2ಕ್ಕೆ ಇಡಿ, ಧ್ವನಿ ಅಷ್ಟೇನೂ ಕೆಡಲ್ಲ. ಪಾತ್ರದವರಿಗೂ ಸ್ವಲ್ಪ ಬೇಗ ಮಾತಾಡೋಕೆ ಹೇಳಿ.

ಬಾನುಲಿ ಮಾಸ್ತರ (ಬಾಗಲಕೋಟೆ)

ಕತ್ತರಿ ಮೇಜು ಅವರೇ, 120 ಸೆಕೆಂಡನ್ನು 1.2 ವೇಗದಲ್ಲಿ ಓಡಿಸಿದರೆ 100 ಬರುತ್ತದೆ. ಖಾಲಿ ಜಾಗ ತೆಗೆದರೆ 90 ಅಂತ ಇಟ್ಟುಕೊಳ್ಳಿ. ಇನ್ನೂ ಅರ್ಧ ಉಳಿಯಿತಲ್ಲ? ಇದು ಟೈಮ್‌ಲೈನ್ ಮೇಲೆ ಬಗೆಹರಿಯುವ ಕೆಲಸವಲ್ಲ, ಕಾಗದದ ಮೇಲೆಯೇ ಆಗಬೇಕು.

ತಂಗಿ, ರೇಡಿಯೋಕ್ಕೆ ಕಿರುನಾಟಕ, ಜಾಹೀರಾತು ಬರೆದೇ ನನ್ನ ತಲೆ ನೆರೆತಿದೆ. ಸಾಲು ಸಾಲಿಗೆ ಪದ ತೆಗೆಯುವುದನ್ನು ಬಿಡು. ಹಾಗೆ ಮಾಡಿದರೆ ಆರು ದೃಶ್ಯಗಳೂ ಉಳಿದು ಆರೂ ಸೊರಗುತ್ತವೆ. ಮೊದಲು ಪದಗಳ ಲೆಕ್ಕ ತಿಳಿದುಕೋ. ಇಂಗ್ಲಿಷಿನವರು ನಿಮಿಷಕ್ಕೆ 150 ಪದ ಅನ್ನುತ್ತಾರೆ. ನಮಗೆ ಅದು ಹೊಂದುವುದಿಲ್ಲ. ನಮ್ಮಲ್ಲಿ ‘ಅಂಗಡಿಯವನಿಗೆ’ ಅನ್ನುವುದು ಒಂದೇ ಪದ, ಹೇಳುವುದಕ್ಕೆ ಹಿಡಿಯುವ ಹೊತ್ತು ಮಾತ್ರ ಜಾಸ್ತಿ. ನಟಿಸುತ್ತಾ ಹೇಳುವ ಕನ್ನಡಕ್ಕೆ ನಿಮಿಷಕ್ಕೆ ಸುಮಾರು 100 ಪದ ಅಂತ ನಾನು ಹಿಡಿಯುತ್ತೇನೆ. ಅಂದರೆ 45 ಸೆಕೆಂಡಿಗೆ 75. ಅದರಲ್ಲೂ ಸೀರೆ ತಿರುವುವುದಕ್ಕೆ, ಮುಖ ನೋಡುವುದಕ್ಕೆ ಹೊತ್ತು ಬೇಕು. ಹಾಗಾಗಿ ನಿನ್ನ ಕೈಯಲ್ಲಿರುವುದು 65 ಪದ.

ಈಗ ಸ್ಕ್ರಿಪ್ಟಿನಲ್ಲಿ ಉಳಿಯಲೇಬೇಕಾದ ಮೂರು ಸಾಲಿನ ಕೆಳಗೆ ಗೆರೆ ಎಳೆ. ಒಂದು, ಎಲ್ಲಿ ನೋಡಬೇಕು ಅನ್ನುವುದು. ಎರಡು, ಕರೆಂಟಿನ ಮಾತು. ಮೂರು, ಅತ್ತೆಯ ಹಳೆ ಸೀರೆ. ಒಂದೊಂದರ ಮುಂದೆಯೂ ಬರೆದುಕೋ: ಇದು ತಲುಪಬೇಕಾದರೆ ನೋಡುವವನಿಗೆ ಮೊದಲೇ ಏನು ಗೊತ್ತಿರಬೇಕು?

ಕರೆಂಟಿನ ಜೋಕಿಗೆ ಬೇಕಾಗಿರುವುದು ಒಂದೇ: ಅಂಗಡಿಯವನು ‘ಕೈಮಗ್ಗ’ ಅಂದಿರಬೇಕು. ಕೈಮಗ್ಗಕ್ಕೆ ಕರೆಂಟ್ ಬೇಡ ಅನ್ನುವುದು ಎಲ್ಲರಿಗೂ ಗೊತ್ತು, ಅದನ್ನು ಹೇಳಬೇಕಿಲ್ಲ. ಕೊನೆಗೆ ಬೇಕಾಗಿರುವುದು ಅತ್ತೆ ಮೊದಲ ಚೌಕಟ್ಟಿನಿಂದಲೇ ಆ ಸೀರೆ ಉಟ್ಟಿರುವುದು. ಅದನ್ನು ಕಣ್ಣು ನೋಡಿಕೊಳ್ಳುತ್ತದೆ, ಮಾತು ಬೇಡ. ಮದುವೆ ಯಾರದು, ಚಹಾ ಕುಡಿದರೋ ಇಲ್ಲವೋ, ದಡಿಗಳ ಹೆಸರೇನು, ಈ ಮೂರು ಸಾಲಿಗೆ ಇದ್ಯಾವುದೂ ಬೇಕಿಲ್ಲ. ಅಲ್ಲಿಗೆ 70 ಸೆಕೆಂಡ್ ಹೋಯಿತು.

ಕರದಂಟು

ದಡಿಗಳ ಹೆಸರು ತೆಗೀಬೇಡ್ರೀ, ಅದೇ ಛಂದ ಇರೋದು.

ಜಮಖಂಡಿ ಟೀಚರ್

ಮಾಸ್ತರ್ ಹೇಳಿದ್ದು ನನಗೂ ಬೇಕಾಗಿತ್ತು. ಶಾಲೆಯಲ್ಲಿ ಬಸವ ಜಯಂತಿಗೆ ಮಕ್ಕಳಿಂದ ಭಾಷಣ ಮಾಡಿಸುತ್ತೇನೆ. ಒಬ್ಬರಿಗೆ 3 ನಿಮಿಷ ಕೊಟ್ಟರೆ, ವೇದಿಕೆ ಮೇಲಿನವರಿಗೆ ನಮಸ್ಕಾರ ಹೇಳುವುದರಲ್ಲೇ 1 ನಿಮಿಷ ಹೋಗುತ್ತದೆ. ಆ ನಮಸ್ಕಾರ ತೆಗೆದರೆ ಹಿರಿಯರು ಸಿಟ್ಟಾಗುತ್ತಾರೆ. ಅಲ್ಲಿ ಏನು ಮಾಡಬೇಕು ಸರ್?

ಬಾನುಲಿ ಮಾಸ್ತರ

ಟೀಚರ್, ನಿರೂಪಕರು ಒಂದೇ ಸಲ ಎಲ್ಲರ ಪರವಾಗಿ ಹೇಳಿಬಿಡಲಿ. ಮಗು ನೇರವಾಗಿ ವಿಷಯಕ್ಕೆ ಬರಲಿ.

ಮಗ್ಗದ ಮನೆ (ಇಳಕಲ್)

ನಾನು ಮಗ್ಗದ ಮನೆಯವಳು, ಹಾಗಾಗಿ ಒಂದು ಮಾತು. ನಿಮ್ಮ ಸ್ಕ್ರಿಪ್ಟಿನಲ್ಲಿ ಕೊಂಡಿ ಬಗ್ಗೆ ಹೇಳಿದ್ದು ಸರಿ ಇದೆ, ಆದರೆ ಯಾಕೆ ಅನ್ನುವುದು ನಿಮಗೆ ಗೊತ್ತಿದ್ದರೆ ಚಿಕ್ಕದಾಗಿ ಹೇಳುವುದು ಸುಲಭ.

ಮೈಯ ಹಾಸು, ಅಂದರೆ ಉದ್ದದ ಎಳೆ ಬೇರೆ, ಸೆರಗಿನ ಹಾಸು ಬೇರೆ. ಸೆರಗಿನದು ಕೆಂಪು ರೇಷ್ಮೆ. ಮೈಯ ಎಳೆಯನ್ನು ಸೆರಗಿನ ಎಳೆಗೆ ಕುಣಿಕೆಯೊಳಗೆ ಕುಣಿಕೆ ಹಾಕಿ ಒಂದೊಂದೇ ಕೂಡಿಸುತ್ತೇವೆ. ಅದೇ ಕೊಂಡಿ. ಒಂದು ಸೀರೆಗೆ ಒಂದು ಸಲ ಇದನ್ನು ಮಾಡಲೇಬೇಕು. ಪವರ್‌ಲೂಮ್‌ನಲ್ಲಿ ಉದ್ದದ ಹಾಸು ಒಂದೇ ಸಮನೆ ಓಡುತ್ತದೆ, ಸೀರೆ ಮೇಲೆ ಸೀರೆ ಬರುತ್ತದೆ. ಅಲ್ಲಿ ಸೆರಗಿಗೆ ಹೊಕ್ಕಿನ, ಅಂದರೆ ಅಡ್ಡ ಎಳೆಯ ಬಣ್ಣ ಮಾತ್ರ ಬದಲಾಗುತ್ತದೆ. ಅದಕ್ಕೇ ಅದರ ಸೆರಗಿನ ಕೆಂಪಿನೊಳಗೆ ಮೈಯ ಬಣ್ಣದ ಎಳೆ ಇಣುಕುತ್ತದೆ. ಕೊಂಡಿ ಹಾಕಿದ ಸೆರಗು ಗಟ್ಟಿ ಕೆಂಪು.

ಇನ್ನೊಂದು. ವಿಡಿಯೋದಲ್ಲಿ ಎಲ್ಲೂ ‘ಕೊಂಡಿ ಇದ್ದರೆ ಅಸಲಿ’ ಅನ್ನಬೇಡಿ. ಕೊಂಡಿ ಹಾಕಿದ ಸೀರೆಯಲ್ಲೂ ಅಸಲಿ ರೇಷ್ಮೆ ಬದಲು ಆರ್ಟ್ ಸಿಲ್ಕ್ ಇರಬಹುದು, ಮೈ ಹತ್ತಿಯದಿರಬಹುದು. ಕೊಂಡಿ ಹೇಳುವುದು ಸೀರೆ ಹೇಗೆ ನೇಯ್ದಿದ್ದು ಅಂತ, ನೂಲು ಯಾವುದು ಅಂತಲ್ಲ.

ಜೋಳದ ಹೊಲ

ಇದು ಬಹಳ ಉಪಯೋಗ ಆಯಿತು ಅಕ್ಕಾ. ‘ಅಸಲಿ’ ಅಂತ ಎರಡು ಕಡೆ ಇತ್ತು, ‘ಕೈಮಗ್ಗ’ ಮಾಡುತ್ತೇನೆ. ಜೋಕಿಗೂ ಅದೇ ಪದ ಬೇಕಲ್ಲ.

ಮಾಸ್ತರ್, 70 ತೆಗೆದರೆ 50 ಉಳಿಯಿತು. ಇನ್ನು 5 ಸೆಕೆಂಡ್ ಅಷ್ಟೇ ಅಂದುಕೊಂಡೆ. ಆದರೆ ಗೆಳತಿಯನ್ನು ಕೂಡಿಸಿಕೊಂಡು ಓದಿ ನೋಡಿದರೆ, ಸೀರೆ ಬಿಚ್ಚಿ, ಜಾಗ ಹುಡುಕಿ, ತಿರುವೋದರಲ್ಲೇ ಹೊತ್ತು ಹೋಗುತ್ತದೆ. ಒಟ್ಟು 65 ಸೆಕೆಂಡ್ ಮೇಲೆ.

ಮಗ್ಗದ ಮನೆ

ಸೀರೆಯನ್ನು ಮೊದಲೇ ಮಡಿಸಿಡಿ, ಮೈ ಸೆರಗು ಕೂಡುವ ಜಾಗ ಮೇಲಕ್ಕೇ ಬರುವ ಹಾಗೆ. ಅಂಗಡಿಯವನು ಗಿರಾಕಿಗೆ ಸೆರಗೇ ಮೊದಲು ತೋರಿಸೋದು, ಹಾಗಾಗಿ ಸುಳ್ಳೂ ಅನಿಸಲ್ಲ. ಹೆಬ್ಬೆರಳಿನಿಂದ ಒಂದು ಮಡಿಕೆ ತಿರುವಿದರೆ ಸಾಕು.

ಬಾನುಲಿ ಮಾಸ್ತರ

ಸರಿಯಾದ ಮಾತು. ಕೈಕೆಲಸದ ಹೊತ್ತು ಕಾಗದದ ಮೇಲೆ ಕಾಣುವುದಿಲ್ಲ, ಕೈಯಲ್ಲಿ ಸೀರೆ ಹಿಡಿದೇ ಗಡಿಯಾರ ಒತ್ತಬೇಕು.

ಉಳಿದಿದ್ದಕ್ಕೆ ನನ್ನ ಸಲಹೆ ಇದು. ನಿನ್ನ ಸ್ಕ್ರಿಪ್ಟಿನಲ್ಲಿ ಕೊಂಡಿಯನ್ನು ಎರಡು ಸಲ ತೋರಿಸುತ್ತಿದ್ದೀ. ಮೊದಲು ಅತ್ತೆ ವಿವರಿಸುವಾಗ 20 ಸೆಕೆಂಡ್, ಆಮೇಲೆ ಕೊನೆಗೆ ಅವಳ ಸ್ವಂತ ಸೀರೆಯಲ್ಲಿ. ಮೊದಲನೆಯದನ್ನು ತೆಗೆದುಬಿಡು. ವಿವರಣೆಯೂ ಕೊನೆಯೂ ಒಂದೇ ಶಾಟ್ ಆಗಲಿ. ಅಂಗಡಿಯ ಸೀರೆಯಲ್ಲಿ ಏನೋ ಇಲ್ಲ ಅನ್ನುವುದು ಮೊದಲು ಗೊತ್ತಾಗಲಿ, ಜೋಕು ಬರಲಿ, ಆ ಇಲ್ಲದ ವಸ್ತು ಹೇಗಿರುತ್ತದೆ ಅನ್ನುವುದು ಕೊನೆಗೆ ಕಾಣಲಿ. ಆಗ ಕೊನೆಗೂ ಕೆಲಸ ಸಿಗುತ್ತದೆ. ಈಗಿನ ಕೊನೆ ಬರೀ ಭಾವುಕವಾಗಿದೆ, ಹೊಸದೇನೂ ಹೇಳುತ್ತಿಲ್ಲ.

ಮಗ್ಗದ ಮನೆ

ಅದಕ್ಕೆ ನಾನು ಒಪ್ಪಲ್ಲ ಮಾಸ್ತರ್. ಇಳಕಲ್, ಗುಳೇದಗುಡ್ಡದ ಕಡೆಯವರಿಗೆ ಕೊಂಡಿ ಅಂದರೆ ಗೊತ್ತು. ವಿಜಯಪುರದಲ್ಲಿ ಬರುವ ಕಾಲೇಜು ಹುಡುಗಿಗೆ ಗೊತ್ತಿರಲ್ಲ. ಗೊತ್ತಿಲ್ಲದ ವಸ್ತುವಿನ ಬಗ್ಗೆ ಅತ್ತೆ ಕೇಳುತ್ತಾಳೆ, ಅಂಗಡಿಯವನು ತಡವರಿಸುತ್ತಾನೆ. ಅವಳು ನಗೋದು ಯಾವುದಕ್ಕೆ? ಪರದೆ ಬಿಟ್ಟು ಮುಂದಕ್ಕೆ ಹೋಗಿಬಿಡ್ತಾಳೆ.

ಬಾನುಲಿ ಮಾಸ್ತರ

ಅವಳು ಕೊಂಡಿಗೆ ನಗುವುದಿಲ್ಲ ತಾಯಿ, ಕೈಮಗ್ಗಕ್ಕೆ ಕರೆಂಟ್ ಬೇಕಾಯಿತಲ್ಲ ಅಂತ ನಗುತ್ತಾಳೆ. ಆದರೂ ನಿಮ್ಮ ಮಾತಿನಲ್ಲಿ ಹುರುಳಿದೆ. ಅತ್ತೆಯ ಬಾಯಲ್ಲಿ ಒಂದೇ ಸಾಲು ಇಡೋಣ: ‘ಕೈಮಗ್ಗ ಅಂದ್ರ ಇಲ್ಲಿ ಕೊಂಡಿ ಇರಬೇಕು.’ ಬೆರಳು ಆ ಜಾಗದ ಮೇಲೆ. 3 ಸೆಕೆಂಡ್ ಸಾಕು. ಎಲ್ಲಿ ನೋಡಬೇಕು ಅನ್ನುವುದು ಅಲ್ಲಿ ಸಿಕ್ಕಿತು, ಹೇಗಿರುತ್ತದೆ ಅನ್ನುವುದು ಕೊನೆಗೆ.

ಮಗ್ಗದ ಮನೆ

ಹಂಗಾದ್ರೆ ನಡೀತದೆ.

ಕರದಂಟು

ಅದು ಸರಿ, ಮಗನ ಬಿಲ್ಲಿನ ಜೋಕು ಎಲ್ಲಿ ಹೋಯ್ತು? ನನಗೆ ಅದೇ ಜಾಸ್ತಿ ನಗು ಬಂದಿದ್ದು.

ಜೋಳದ ಹೊಲ

ನನಗೂ ಅದರ ಮೇಲೆ ಪ್ರೀತಿ. ಎರಡೂ ಸೇರಿದರೆ 15 ಸೆಕೆಂಡ್, ಒಂದೇ ಇದ್ದರೆ 8.

ಬಾನುಲಿ ಮಾಸ್ತರ

ಮಗನ ಜೋಕು ಒಳ್ಳೆಯದೇ. ಆದರೆ ಅದು ಬೆಲೆಯ ಬಗ್ಗೆ. ಕರೆಂಟಿನ ಜೋಕು ಕೊಂಡಿಯ ಬಗ್ಗೆ, ಅಂದರೆ ನಿನ್ನ ವಿಷಯದ ಬಗ್ಗೆಯೇ. ಅದನ್ನು ಮನೆಗೆ ಹೋಗಿ ಯಾರಾದರೂ ಹೇಳಿದರೆ ಕೊಂಡಿಯನ್ನೂ ಹೇಳಲೇಬೇಕಾಗುತ್ತದೆ. ಬಿಲ್ಲಿನ ಜೋಕು ಹೇಳುವವನಿಗೆ ಕೊಂಡಿ ನೆನಪಿರಬೇಕಾಗಿಲ್ಲ. ಅದೂ ಅಲ್ಲದೆ ಜನ ಕರೆಂಟಿಗೆ ನಗುತ್ತಿರುವಾಗಲೇ ಮಗ ಮಾತಾಡಿದರೆ ಎರಡೂ ಕೇಳುವುದಿಲ್ಲ. ಆ ಸಾಲು ಹೋದರೆ ಮಗ ಎಂಬ ಪಾತ್ರವೇ ಬೇಕಿಲ್ಲ. ಚಿತ್ರೀಕರಣಕ್ಕೂ ಒಬ್ಬರು ಕಡಿಮೆ.

ಇನ್ನು ಜೋಕಿನ ಸಾಲು. ನೀನು ಬರೆದದ್ದು: ‘ಕರೆಂಟ್ ಹೋಗಿತ್ರಿ, ಅದಕ್ಕ ಕೊಂಡಿ ಹಾಕಾಕ ಆಗಲಿಲ್ಲ.’ ನಗು ಬರುವುದು ಕರೆಂಟಿಗೆ. ಅದನ್ನು ಮೊದಲೇ ಹೇಳಿಬಿಟ್ಟು ಆಮೇಲೆ ನಾಲ್ಕು ಪದ ಎಳೆದಿದ್ದೀ, ನಗುವಿನ ಮೇಲೆ ಮಾತು ಬೀಳುತ್ತದೆ. ತಿರುಗಿಸು: ‘ಅದು... ಕೊಂಡಿ ಹಾಕೂ ಹೊತ್ತಿಗೆ... ಕರೆಂಟ್ ಹೋತ್ರಿ.’ ಅಲ್ಲಿಗೆ ಮುಗಿಯಿತು. ಆಮೇಲೆ 2 ಸೆಕೆಂಡ್ ಯಾರೂ ಮಾತಾಡಬಾರದು. ಅತ್ತೆ ಅವನ ಮುಖ ನೋಡಲಿ.

ಕತ್ತರಿ ಮೇಜು

2 ಸೆಕೆಂಡ್ ಖಾಲಿ ಬಿಡೋದಾ? ಅದರಲ್ಲಿ ಒಂದು ಸಾಲು ಹಿಡಿಸುತ್ತಲ್ಲ?

ಬಾನುಲಿ ಮಾಸ್ತರ

ಬೇರೆ ಎಲ್ಲ ಕಡೆ ನೀವು ಹೇಳಿದ ಹಾಗೆ ಬಿಗಿ ಮಾಡಿ, ಅದು ಸರಿಯಾದ ಸಲಹೆಯೇ. ಈ ಒಂದು ಜಾಗ ಬಿಟ್ಟು. ‘ಹೊತ್ತಿಗೆ’ ಆದ ಮೇಲೆ ಒಂದು ಕ್ಷಣ, ‘ಹೋತ್ರಿ’ ಆದ ಮೇಲೆ 2 ಸೆಕೆಂಡ್. ಇವೆರಡನ್ನು ಕತ್ತರಿಸಿದರೆ ಅವನು ಸುಮ್ನೆ ಒಂದು ಕಾರಣ ಹೇಳಿದ ಹಾಗೆ ಕೇಳುತ್ತದೆ.

ಕತ್ತರಿ ಮೇಜು

ಒಪ್ಪಿದೆ. ಹಾಗಾದರೆ ನನ್ನ ಕಡೆಯಿಂದ ಒಂದು ಎಚ್ಚರಿಕೆ. ಪ್ರದರ್ಶನದ ಬಾಗಿಲಲ್ಲಿ ಗದ್ದಲ ಇರುತ್ತೆ, ಧ್ವನಿ ಕೇಳಲ್ಲ. ಕೆಳಗೆ ಅಕ್ಷರ ಹಾಕಲೇಬೇಕು. ಇಡೀ ಸಾಲನ್ನು ಒಮ್ಮೆಗೇ ಹಾಕಿದರೆ ಜನ ಅವನಿಗಿಂತ ಮೊದಲೇ ‘ಕರೆಂಟ್ ಹೋತ್ರಿ’ ಓದಿಬಿಡ್ತಾರೆ. ಎರಡು ತುಂಡು ಮಾಡಿ. ‘ಕೊಂಡಿ ಹಾಕೂ ಹೊತ್ತಿಗೆ...’ ಮೊದಲು ಬರಲಿ. ಅವನು ಬಾಯಿ ತೆರೆದಾಗ ಎರಡನೆಯದು.

ಬಾನುಲಿ ಮಾಸ್ತರ

ಇದು ನನಗೆ ಹೊಳೆಯುತ್ತಲೇ ಇರಲಿಲ್ಲ. ರೇಡಿಯೋದಲ್ಲಿ ಅಕ್ಷರ ಇಲ್ಲವಲ್ಲ.

ಖಾಸಬಾಗ ಮಗ್ಗ (ಬೆಳಗಾವಿ)

ಎಲ್ಲ ಓದಿದೆ. ನನಗೆ ಬೇಸರ ಆಗಿದ್ದು ಬೇರೆ ಕಾರಣಕ್ಕೆ. ಬೆಳಗಾವಿಯ ಖಾಸಬಾಗ, ವಡಗಾವಿ, ಶಹಾಪುರದಲ್ಲಿ ಮನೆ ಮನೆಗೆ ಪವರ್‌ಲೂಮ್ ಇದೆ. ನಾವೂ ನೇಕಾರರೇ. ಕರೆಂಟ್ ಹೋದರೆ ನಮ್ಮ ಮನೆಯಲ್ಲಿ ಆ ದಿನದ ಕೂಲಿ ಹೋಗುತ್ತದೆ. ಅದು ಜನ ನಗುವ ವಿಷಯ ಆಯ್ತಾ? ನಿಮ್ಮ ವಿಡಿಯೋ ನೋಡಿದವರು ಪವರ್‌ಲೂಮ್ ಅಂದರೆ ಮೋಸ ಅಂದುಕೊಂಡು ಹೋಗ್ತಾರೆ.

ಜೋಳದ ಹೊಲ

ಅಣ್ಣಾ, ನಗು ನೇಕಾರರ ಮೇಲಲ್ಲ. ಪವರ್‌ಲೂಮ್ ಸೀರೆಯನ್ನು ಕೈಮಗ್ಗ ಅಂತ ಮಾರುವ ಅಂಗಡಿಯವನ ಮೇಲೆ.

ಖಾಸಬಾಗ ಮಗ್ಗ

2 ನಿಮಿಷ ಇದ್ದಾಗ ಅದನ್ನು ಬಿಡಿಸಿ ಹೇಳಬಹುದಿತ್ತು. 45ರಲ್ಲಿ ಅಂಥ ಮಾತುಗಳೇ ಮೊದಲು ಕತ್ತರಿಗೆ ಹೋಗೋದು. ಮಿಕ್ಕಿದ್ದು ‘ಕರೆಂಟ್ ಅಂದರೆ ಕಳಪೆ’ ಅಂತಷ್ಟೇ ಕೇಳಿಸುತ್ತೆ.

ಮಗ್ಗದ ಮನೆ

ಅವರು ಹೇಳೋದರಲ್ಲಿ ನಿಜ ಇದೆ. ‘ನಮ್ಮನ್ಯಾಗ ನೇಯ್ದದ್ದು’ ಅಂತ ಅಂಗಡಿಯವನು ಹೇಳಿದರೆ ಅವನೇ ನೇಕಾರ ಆಗ್ತಾನೆ. ಆ ಮಾತು ಇಡಬೇಡಿ. ಅವನು ಬರೀ ಮಾರುವವನು ಆಗಿರಲಿ. ಬೆಲೆ ಹೇಳಲಿ: ‘ಕೈಮಗ್ಗದ್ದು, ಅದಕ್ಕ ರೇಟ್ ಜಾಸ್ತಿ.’ ಆಗ ಮೋಸ ಅವನದು ಅಂತ ಗೊತ್ತಾಗುತ್ತೆ.

ಜೋಳದ ಹೊಲ

ಒಳ್ಳೆ ದಾರಿ. ಎಲ್ಲರ ಮಾತು ಸೇರಿಸಿ ಈಗ ಹೀಗೆ ಬರೆದಿದ್ದೇನೆ. ಸೀರೆ ಕೈಯಲ್ಲಿ ಹಿಡಿದೇ ಗಡಿಯಾರ ಇಟ್ಟು ಓದಿದೆವು, 43 ಸೆಕೆಂಡ್ ಬಂತು.

(ಅಂಗಡಿ. ಅತ್ತೆ ಹಳೆಯ ಇಳಕಲ್ ಸೀರೆ ಉಟ್ಟಿದ್ದಾಳೆ. ಮುಂದೆ ಹೊಸ ಸೀರೆ, ಸೆರಗು ಮೇಲೆ.)

ಅಂಗಡಿಯವ: ತೊಗೋರಿ ಅಕ್ಕಾರ, ಅಪ್ಪಟ ಕೈಮಗ್ಗದ ಇಳಕಲ್ ಸೀರಿ. ಕೈಮಗ್ಗದ್ದು, ಅದಕ್ಕ ರೇಟ್ ಸ್ವಲ್ಪ ಜಾಸ್ತಿ.

ಸೊಸೆ: ಅತ್ತಿ, ಬಣ್ಣ ಭಾಳ ಛಂದ ಐತಿ. ತೊಗೊಳ್ಳೂಣ್ರಿ?

ಅತ್ತೆ: ತಡಿ. ಮೈಗೆ ಸೆರಗು ಕೂಡಿದಲ್ಲೆ ತಿರುವಿ ನೋಡು.

(ಸೊಸೆ ಮಡಿಕೆ ತಿರುವುತ್ತಾಳೆ.)

ಸೊಸೆ: ಇಲ್ಲೇನೂ ಇಲ್ಲಲ್ರಿ?

ಅತ್ತೆ: ಕೈಮಗ್ಗ ಅಂದ್ರ ಇಲ್ಲಿ ಕೊಂಡಿ ಇರಬೇಕು. (ಅಂಗಡಿಯವನಿಗೆ) ಕೊಂಡಿ ಎಲ್ಲೈತ್ರಿ?

ಅಂಗಡಿಯವ: ಅದು... ಕೊಂಡಿ ಹಾಕೂ ಹೊತ್ತಿಗೆ... ಕರೆಂಟ್ ಹೋತ್ರಿ.

(2 ಸೆಕೆಂಡ್. ಅತ್ತೆ ಅವನನ್ನೇ ನೋಡುತ್ತಾಳೆ.)

ಸೊಸೆ: ಕೊಂಡಿ ಹೆಂಗಿರತೈತ್ರಿ ಅತ್ತಿ?

ಅತ್ತೆ: (ತನ್ನ ಸೆರಗು ತಿರುವಿ, ಹತ್ತಿರದ ಶಾಟ್) ಹಿಂಗ. ನನ್ನ ಮದುವಿ ಸೀರಿ. ಬಣ್ಣ ಹೋಗೇತಿ, ಕೊಂಡಿ ಹೋಗಿಲ್ಲ.

ಕರದಂಟು

ಆಹಾ! ದಡಿ ಹೆಸರು ಇಲ್ಲದಿದ್ದರೂ ಚಿಂತೆ ಇಲ್ಲ ಬಿಡ್ರಿ.

ಬಾನುಲಿ ಮಾಸ್ತರ

ಶಭಾಷ್ ತಂಗಿ. ಕೊನೆಯ ಸಾಲು ನೀನಾಗಿಯೇ ಬರೆದದ್ದು ನನಗೆ ಬಹಳ ಹಿಡಿಸಿತು. ‘ಕರೆಂಟ್ ಹೋತ್ರಿ’ ಕೇಳಿದ ಕಿವಿಗೆ ‘ಬಣ್ಣ ಹೋಗೇತಿ’ ಸರಿಯಾಗಿ ಬಂದು ಕೂರುತ್ತದೆ. ‘ಕೈಮಗ್ಗ’ ಶುರುವಿನಲ್ಲೇ ಎರಡು ಸಲ ಬಂದಿದೆ, ಅದನ್ನು ಕಡಿಮೆ ಮಾಡಬೇಡ. ಗದ್ದಲದಲ್ಲಿ ಒಂದು ತಪ್ಪಿದರೂ ಇನ್ನೊಂದು ಕೇಳಬೇಕು. ಅದು ತಪ್ಪಿದರೆ ಜೋಕೇ ಇಲ್ಲ.

ಚಿತ್ರೀಕರಣಕ್ಕೆ ಮೊದಲು, ಇದನ್ನು ಒಂದು ಸಲವೂ ಕೇಳದ ಒಬ್ಬರನ್ನು ಕೂರಿಸಿ ಓದು. ಮುಗಿದ ಮೇಲೆ ‘ಹೇಗಿತ್ತು’ ಅಂತ ಕೇಳಬೇಡ, ಚೆನ್ನಾಗಿತ್ತು ಅಂತಲೇ ಹೇಳುತ್ತಾರೆ. ‘ಸೀರೆ ಕೊಳ್ಳುವಾಗ ಏನು ನೋಡ್ತೀರಿ’ ಅಂತ ಕೇಳು. ಮೈ ಸೆರಗು ಕೂಡುವ ಜಾಗ ಅಂದರೆ ವಿಷಯ ಉಳಿದಿದೆ. ‘ಹಳೆ ಸೀರೆ ಒಳ್ಳೆಯದು’ ಅಂದರೆ ಅತ್ತೆಯ ‘ಇಲ್ಲಿ ಕೊಂಡಿ ಇರಬೇಕು’ ಅನ್ನುವ ಮಾತು ಇನ್ನೂ ಗಟ್ಟಿಯಾಗಬೇಕು.

ಜೋಳದ ಹೊಲ

ಎದುರು ಮನೆಯ ಹುಡುಗಿಗೆ ಓದಿ ಕೇಳಿದೆ. ‘ಸೆರಗಿನ ಹತ್ತಿರ ತಿರುವಿ ನೋಡಬೇಕು, ಗಂಟಿನ ಥರ ಏನೋ ಇರಬೇಕು’ ಅಂದಳು. ಓದುವಾಗ ಅವಳಿಗೆ ಶಾಟ್ ಕಾಣಲ್ಲ ಅಲ್ವಾ, ಅಷ್ಟು ಸಾಕು ಅನಿಸಿತು.

ಈಗ ಉಳಿದದ್ದು ಘೋಷಣೆ. ಮಳಿಗೆಯ ಹಿರಿಯರು ‘ಕೈಮಗ್ಗ ಉಳಿಸಿ, ನೇಕಾರರನ್ನು ಬೆಳೆಸಿ’ ಬೇಕೇ ಬೇಕು ಅಂತಾರೆ.

ಬಾನುಲಿ ಮಾಸ್ತರ

ಅತ್ತೆಯ ಮಾತಿನ ಮೇಲೆ ಇನ್ನೊಂದು ಧ್ವನಿ ಬೇಡ. ಅವಳು ಹೇಳಿ ಮುಗಿಸಿದಲ್ಲಿಗೆ ಮುಗಿಯಬೇಕು.

ಜಮಖಂಡಿ ಟೀಚರ್

ಹಿರಿಯರ ಮಾತು ತೆಗೆದುಹಾಕೋದು ಅಷ್ಟು ಸುಲಭ ಅಲ್ಲ ಸರ್. ದುಡ್ಡು ಹಾಕಿದವರು ಅವರು. ನನಗೂ ಆ ಘೋಷಣೆ ಇದ್ದರೆ ಒಳ್ಳೆಯದೇ ಅನಿಸುತ್ತೆ.

ಕತ್ತರಿ ಮೇಜು

43 ಬಂದಿದೆಯಲ್ಲ, 2 ಸೆಕೆಂಡ್ ಉಳಿದಿದೆ. ಕೊಂಡಿಯ ಹತ್ತಿರದ ಶಾಟ್ ಹಾಗೇ ನಿಲ್ಲಲಿ, ಅದರ ಮೇಲೆ ಮಳಿಗೆ ಸಂಖ್ಯೆ, ಕೆಳಗೆ ಸಣ್ಣದಾಗಿ ಘೋಷಣೆ. ಧ್ವನಿ ಇಲ್ಲ.

ಬಾನುಲಿ ಮಾಸ್ತರ

ಮಳಿಗೆ ಸಂಖ್ಯೆ ಇರಲಿ. ಘೋಷಣೆ ನನಗೆ ಈಗಲೂ ಬೇಡ. 2 ಸೆಕೆಂಡಿನಲ್ಲಿ ಎರಡನ್ನೂ ಓದುವುದಕ್ಕೆ ಆಗುವುದಿಲ್ಲ.

ಖಾಸಬಾಗ ಮಗ್ಗ

ಬೆಲೆಯ ಸಾಲು ಹಾಕಿದ್ದು ಒಳ್ಳೆಯದಾಯಿತು. ಆದರೂ ಕರೆಂಟಿನ ಜೋಕಿಗೆ ನನ್ನ ಮನಸ್ಸು ಒಪ್ಪುತ್ತಿಲ್ಲ. ಘೋಷಣೆ ಹಾಕೋದೇ ಆದರೆ ‘ಕೈಮಗ್ಗ ಕೈಮಗ್ಗವೆಂದೇ ಮಾರಲಿ, ಪವರ್‌ಲೂಮ್ ಪವರ್‌ಲೂಮ್ ಎಂದೇ ಮಾರಲಿ’ ಅಂತ ಹಾಕಿ. ಹಿರಿಯರಿಗೆ ಇದನ್ನು ಕೇಳಿ ನೋಡಿ.

ಜೋಳದ ಹೊಲ

ನಾಳೆ ಅವರ ಮುಂದೆ ಇಡುತ್ತೇನೆ ಅಣ್ಣಾ. ಉದ್ದ ಇದೆ, ಆದರೂ ಕೇಳುತ್ತೇನೆ.

ಮಗ್ಗದ ಮನೆ ಅಕ್ಕಾ, ಒಂದೇ ಪ್ರಶ್ನೆ. ಮೊಬೈಲಿನಲ್ಲಿ ತೆಗೆದು ನೋಡಿದರೆ ಕೊಂಡಿ ಕಾಣುತ್ತಲೇ ಇಲ್ಲ. ಕೆಂಪು ಪಟ್ಟಿ ಮಾತ್ರ ಕಾಣುತ್ತದೆ.

ಮಗ್ಗದ ಮನೆ

ಬೆಳಕು ಎದುರಿನಿಂದ ಬೀಳುತ್ತಿರಬೇಕು. ಪಕ್ಕದಿಂದ ಬೀಳುವ ಹಾಗೆ ಕಿಟಕಿ ಹತ್ತಿರ ಕೂರಿ, ಕುಣಿಕೆಗಳ ಉಬ್ಬು ಎದ್ದು ಕಾಣುತ್ತದೆ. ಬಟ್ಟೆಯನ್ನು ತೋರುಬೆರಳಿನ ಮೇಲೆ ಬಿಗಿಯಾಗಿ ಎಳೆದು ಹಿಡಿಯಿರಿ. ಮೈ ಕಡು ನೀಲಿ ಅಥವಾ ಹಸಿರು ಇರುವ ಸೀರೆ ತೊಗೊಳ್ಳಿ, ಕೆಂಪು ಸೆರಗಿನ ಎಳೆ ಎಲ್ಲಿ ಸೇರಿತು ಅಂತ ಬೇರೆಯಾಗಿ ಕಾಣುತ್ತದೆ. ಮೈಯೂ ಕೆಂಪಗಿದ್ದರೆ ಎಷ್ಟು ಹತ್ತಿರ ಹೋದರೂ ತಿಳಿಯಲ್ಲ.